ಹೆಚ್ಚಿನ ಕುರಿ, ಐದು ಪಾಠ

ಮಂಜ್ರಾ ಹೊಳೆಯ ದಂಡಿಯಲ್ಲಿ ಬೀಡುಬಿಟ್ಟಿದ್ದ ಕುರುಬನೊಬ್ಬನ ಹಿಂಡಿನಲ್ಲಿ ದಿನಾ ಹೊತ್ತು ಮುಳುಗಿದ ಮೇಲೆ ಒಂದು ಕುರಿ ಹೆಚ್ಚಾಗುತ್ತಿತ್ತಂತೆ. ಬೆಳಕು ಹರಿದರೆ ಅದು ಇರುತ್ತಿರಲಿಲ್ಲವಂತೆ. ಮನಿಷಾ ಈ ಕಥೆಯನ್ನು ಆಯಿ, ಎಂದರೆ ಅಜ್ಜಿ ಅಂಜನಾಬಾಯಿಯ ತೊಡೆಯ ಮೇಲೆ ಮಲಗಿ ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಆಯಿಗೆ ಇದು ತವರುಮನೆ ಔರಾದಿನಿಂದ ಬಂದದ್ದು. ಲಗ್ನವಾಗಿ ಸಾಯಗಾಂವಕ್ಕೆ ಬರುವಾಗ ಹಾಸಿಗೆ, ಹಂಡೆ, ಒಂದು ಆಡಿನ ಜತೆ ಕಥೆಯನ್ನೂ ಕಟ್ಟಿಕೊಂಡು ಬಂದಿದ್ದಳು. ಕೇಳುವವರು "ಹ್ಞೂಂ" ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ನಿದ್ದಿ ಹತ್ತಿತೇನು? ಗ್ವಾಡಿಗಿ ಕಥಿ ಹೇಳಾಕ ನನಗೇನ್ ಹುಚ್ಚ?" ಎನ್ನುತ್ತಿದ್ದಳು. ಮನಿಷಾ ನಿದ್ದೆಗಣ್ಣಲ್ಲೇ ಹ್ಞೂಂಗುಟ್ಟುತ್ತಿದ್ದಳು. ಕಂಬಳಿಯ ವಾಸನೆ, ಒಲೆಯ ಹೊಗೆ, ಹೊರಗೆ ಕುರಿಗಳು ಮೆಲುಕು ಹಾಕುವ ಸದ್ದು, ಎಲ್ಲ ಆ ಹ್ಞೂಂಕಾರದೊಳಗೇ ಸೇರಿಹೋಗಿದ್ದವು.

ಈಗ ಮನಿಷಾ ಬೀದರಿನ ಮೈಲೂರದಲ್ಲಿ ಗೆಳತಿ ಮಹಾಮಾಯಾಳ ಜತೆ ಒಂದು ರೂಮು ಹಿಡಿದು, ಖಾಸಗಿ ಸಾಲಿಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಮಹಾಮಾಯಾ ಗಾಂಧಿ ಗಂಜದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಹಗಲೆಲ್ಲ ತೊಗರಿ, ಕಡಲೆ, ಕಮಿಷನ್. ರೂಮಿಗೆ ಬಂದರೆ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಲೇಖನ. ಓದುಗರು ತಿಂಗಳಿಗಿಷ್ಟು ಚಂದಾ ಕೊಟ್ಟು ಓದುವ ದೊಡ್ಡ ತಾಣವೊಂದರಲ್ಲಿ ಅವಳು ಎಕ್ಸೆಲ್ ಶೀಟಿನ ಯುಕ್ತಿಗಳನ್ನು ಬರೆಯುತ್ತಿದ್ದಳು. ತಾಣದ ಪಾಲುದಾರ ಯೋಜನೆಗೆ ಹೆಸರು ಕೊಟ್ಟಿದ್ದರಿಂದ ಓದಿನ ಪ್ರಕಾರ ಅವಳಿಗೆ ಪಾಲು ಬರುತ್ತಿತ್ತು. ಅವಳನ್ನು ನೋಡಿ ಮನಿಷಾನೂ ಹೆಸರು ಕೊಟ್ಟಳು. ಮೊದಲ ಬಾರಿಗೆ ಆಯಿಯ ಹೆಚ್ಚಿನ ಕುರಿಯನ್ನು ಇಂಗ್ಲಿಷಿಗೆ ಇಳಿಸಿ, ಬೀಗದೊಳಗಿಟ್ಟು ಪ್ರಕಟಿಸಿದಳು. ಬೀಗ ಎಂದರೆ, ಚಂದಾದಾರರಿಗೆ ಪೂರ್ತಿ ಕಥೆ, ಉಳಿದವರಿಗೆ ಮೇಲಿನ ನಾಲ್ಕು ಸಾಲು.

ನಮ್ಮವರು ಓದಲಿ ಎಂದು ತಾಣವೇ ಕೊಡುವ ಪುಕ್ಕಟೆ ಲಿಂಕನ್ನು ಮನೆಯವರ ಗುಂಪಿಗೆ ಹಾಕಿದಳು. ಅಣ್ಣ ಸತೀಶಕುಮಾರ ಅದನ್ನು ಭಾಲ್ಕಿಯ ಗೆಳೆಯರಿಗೆ ಕಳಿಸಿದ, ಅವರು ಮತ್ತಾರಿಗೋ ಕಳಿಸಿದರು. ನೋಡಿದವರ ಸಂಖ್ಯೆ ಏರಿದ್ದೇ ಏರಿದ್ದು. ಮನಿಷಾ ನೆಲಕ್ಕೆ ಕಾಲು ಸೋಕದಂತೆ ಓಡಾಡಿದಳು. ತಿಂಗಳು ತುಂಬಿದಾಗ ಗಳಿಕೆಯ ಪುಟದಲ್ಲಿ ಕಂಡದ್ದು ಒಂದು ಚಹಾಕ್ಕೂ ಸಾಲದ ಅಂಕಿ.

"ಇದೇನ ಮಾಯಾ! ಇಷ್ಟು ಮಂದಿ ನೋಡ್ಯಾರ, ಮತ್ತ ಹಿಂಗ್ಯಾಕ?"

ಮಹಾಮಾಯಾ ಸ್ಕ್ರೀನಿನ ಮೇಲೆ ಬೆರಳಿಟ್ಟಳು. "ನೋಡ್ಯಾರ, ಓದಿಲ್ಲ. ತೆರೆದು, ನಮ್ಮ ಮನಿಷಾ ಬರದಾಳ ಅಂತ ಹೆಬ್ಬೆಟ್ಟು ಒತ್ತಿ, ಹೋಗ್ಯಾರ. ಅರ್ಧ ನಿಮಿಷನೂ ಕುಂತಿಲ್ಲ. ಮತ್ತ ಇವರ್‍ಯಾರೂ ಚಂದಾ ಕೊಟ್ಟವರಲ್ಲ. ಚಂದಾದಾರ ಬಂದು ಎಷ್ಟು ಹೊತ್ತು ಕುಂತು ಓದ್ತಾನ, ನಿನ್ನ ಪಾಲು ಅದರ ಮ್ಯಾಲ. ಪುಕ್ಕಟೆ ಲಿಂಕಿನ್ಯಾಗ ಬಂದ ಬೀಗರಿಗಿ ಪಾಲಿಲ್ಲ."

ಫೋನಿನಲ್ಲಿ ಇದನ್ನು ಕೇಳಿದ ಸತೀಶಕುಮಾರನಿಗೆ ಕೂಡಲೇ ಉಪಾಯ ಹೊಳೆಯಿತು. "ಅಷ್ಟೇ ಏನು? ನಮ್ಮ ಹುಡುಗರಿಗಿ ಚಂದಾ ಕಟ್ಟಸ್ತೇನಿ. ದಿನಾ ತೆರೆದು ಇಟ್ಟು ಮಲಗಲಿ!"

"ಕಳ್ಳ ಓದು ಅಂತ ಗೊತ್ತಾತು ಅಂದ್ರ ಖಾತೆನೇ ಬಂದ್ ಮಾಡ್ತಾರ್ರಿ ಅಣ್ಣಾರ," ಎಂದು ಮಹಾಮಾಯಾ ಫೋನು ಕಸಿದುಕೊಂಡು ಹೇಳಿದಳು. "ನೀವು ಓದೋದೇ ಬ್ಯಾಡ್ರಿ. ಅದೇ ದೊಡ್ಡ ಉಪಕಾರ."

ಆಮೇಲೆ ಗೆಳತಿಯ ಕಡೆ ತಿರುಗಿದಳು. "ಮನಿಷಾ, ಚಂದಾ ಕೊಡೋರು ಯಾರು? ದೂರದ ಆಫೀಸಿನ ಮಂದಿ. ಅವರಿಗಿ ಬೇಕಾದದ್ದು ಕೆಲಸ, ರೊಕ್ಕ, ಬದುಕು ಸುಧಾರಸೋದು. ಆ ವಿಷಯದಾಗ ಓದೋರು ತುಂಬ್ಯಾರ. ಕಥಿ ವಿಭಾಗದಾಗ ಬರಿಯೋರು ಜಾಸ್ತಿ, ಕುಂತು ಓದೋರು ಕಡಿಮಿ. ಅದೇ ಕುರಿನ ಹೊಡಕೊಂಡು ಆ ಕಡೆ ಹೋಗು."

ಮನಿಷಾ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಮೂರನೆಯ ದಿನ ಬರೆದಳು: ಕುರುಬನೊಬ್ಬನ ಹೆಚ್ಚಿನ ಕುರಿ ನನಗೆ ಕಲಿಸಿದ ಐದು ಪಾಠ. ಒಂದು, ನಿನ್ನದೇನಿದೆ ಎಂದು ದಿನಾ ಸಂಜೆ ನೋಡಿಕೋ. ಎರಡು, ಹೊಂದದ ಲೆಕ್ಕವನ್ನು ಹಾಗೇ ಬಿಡಬೇಡ. ಹೀಗೇ ಐದರವರೆಗೆ. ಕಥೆ ನಡುವೆ ನಡುವೆ ತುಣುಕಾಗಿ ಸಿಕ್ಕಿಕೊಂಡಿತ್ತು.

ಅದು ಓಡಿತು. ಮೊದಲ ವಾರ ಸುಮ್ಮನಿದ್ದದ್ದು ಎರಡನೆಯ ವಾರ ಯಾರ ಕಣ್ಣಿಗೆ ಬಿತ್ತೋ, ಚಂದಾದಾರರು ಬಂದರು, ಕೂತು ಓದಿದರು, ಸಾಲುಗಳಿಗೆ ಗೆರೆ ಎಳೆದರು, ತಮ್ಮ ಮ್ಯಾನೇಜರನ ಬಗ್ಗೆ ಟಿಪ್ಪಣಿ ಬರೆದರು. ಮುಂದಿನ ತಿಂಗಳು ಬ್ಯಾಂಕಿಗೆ ದುಡ್ಡು ಬಂದಾಗ ಮನಿಷಾ ಆಯಿಗೆ ಕೆಂಪು ಸ್ವೆಟರ್ ತಗೊಂಡು ಭಾಲ್ಕಿಯ ಮೇಲೆ ಹಾದು ಸಾಯಗಾಂವಕ್ಕೆ ಹೋದಳು.

ಅಂಜನಾಬಾಯಿ ಬಿಸಿಲಲ್ಲೇ ಸ್ವೆಟರ್ ಹಾಕಿಕೊಂಡು ಓಣಿಯೆಲ್ಲ ತಿರುಗಿದಳು. "ನನ್ನ ಕಥಿ ಮಾರಿ ಬಂದದ್ದರಿ ಇದು. ಪರದೇಶದವರು ತಗೊಂಡಾರ." ಬೆವರು ಒರೆಸಿಕೊಂಡು ಬಂದು ಮೊಮ್ಮಗಳ ಪಕ್ಕ ಕೂತಳು.

"ಒಂದ್ ಮಾತು ಹೇಳು. ಮೊದ್ಲ ಹೋಗಲಿಲ್ಲ ಅಂದಿ. ಈಗ ಹ್ಯಾಂಗ ಹೋತು?"

ಮನಿಷಾ ನಿಜ ಹೇಳಿದಳು. ಕಥೆಗಲ್ಲ, ಅದರೊಳಗಿನ ಪಾಠಗಳಿಗೆ ಓದುಗರು ಸಿಕ್ಕರೆಂದಳು. ಪಾಠಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಆಯಿ ಗದ್ದಕ್ಕೆ ಕೈಕೊಟ್ಟು ಕೇಳಿದಳು. "ಹೌದಲ್ಲ! ಇಷ್ಟು ವರ್ಸ ಹೇಳೀನಿ, ಇದು ಅದರಾಗದ ಅಂತ ನನಗ ಹೊಳಿಲೇ ಇಲ್ಲ ನೋಡು. ನಿಮ್ಮ ಅಜ್ಜ ಧೊಂಡಿಬಾ ಇದ್ದಿದ್ರ ಖುಶಿ ಆಗ್ತಿದ್ದ. ಬಾಜಾರದಾಗ ಯಾವ ಮರಿ ಕೇಳ್ತಾರೋ ಅದನ್ನೇ ಮುಂದ ನಿಲ್ಲಸ್ತಿದ್ದ ಅಂವ."

ಇಬ್ಬರೂ ನಕ್ಕರು. ಮನಿಷಾ ಹಗುರಾಗಿ ಬೀದರಿಗೆ ಮರಳಿದಳು. ಮಹಾಮಾಯಾಳ ಸಲಹೆಯಂತೆ ಮತ್ತೆರಡು ಕಥೆಗಳನ್ನೂ ಪಾಠ ಮಾಡಿದಳು. ಅವು ಮೊದಲಿನಷ್ಟು ಓಡಲಿಲ್ಲವಾದರೂ ಬೀಳಲಿಲ್ಲ.

ದೀಪಾವಳಿ ರಜೆಗೆ ಸಾಯಗಾಂವಕ್ಕೆ ಹೋದಾಗ ಸಂಜೆ ದೀಪ ಹಚ್ಚುವ ಹೊತ್ತು. ಕಾಕಾನ ಮಕ್ಕಳು, ಎದುರು ಮನೆಯ ಗುಡಿಯಾ, ಅವಳ ತಮ್ಮ ಅಜರ, ಎಲ್ಲರೂ ಕಟ್ಟೆಯ ಮೇಲೆ ಆಯಿಯನ್ನು ಸುತ್ತಿಕೊಂಡಿದ್ದರು. ಮನಿಷಾ ಚೀಲ ಇಳಿಸಿ, ಸದ್ದಾಗದಂತೆ ಬಾಗಿಲಲ್ಲೇ ನಿಂತಳು. ಎಷ್ಟು ವರ್ಷವಾಯಿತು ಈ ದನಿಯನ್ನು ಹೀಗೆ ಕತ್ತಲೆಯ ಅಂಚಿನಲ್ಲಿ ಕೇಳಿ!

"...ಕುರುಬ ನೋಡ್ತಾನ, ಒಂದು ಕುರಿ ಹೆಚ್ಚಿಗಿ ಅದ," ಎಂದಳು ಆಯಿ.

"ಹ್ಞೂಂ," ಎಂದವು ಮಕ್ಕಳು.

"ಇದರಿಂದ ಏನ್ ತಿಳೀತು? ಒಂದನೇದು! ನಮ್ಮದೇನದ ಅಂತ ದಿನಾ ಸಂಜಿಕಿ ನೋಡ್ಕೋಬೇಕು. ಗುಡಿಯಾ, ಎರಡನೇದು ಹೇಳು."

ಗುಡಿಯಾ ಸಾಲಿಯಲ್ಲಿ ನಿಂತಂತೆ ಎದ್ದು ನಿಂತು ಒಪ್ಪಿಸಿದಳು. ಆಯಿ "ಶಾಬಾಸ್" ಅಂದಳು.

ಮನಿಷಾ ಮಕ್ಕಳ ನಡುವೆ ಹೋಗಿ ಕೂತಳು. "ಆಯಿ, ಪಾಠ ಬ್ಯಾಡ. ಮೊದಲಿಂದು ಹೇಳು. ನಾ ಸಣ್ಣಾಕಿ ಇದ್ದಾಗ ಹೇಳ್ತಿದ್ದೆಲ್ಲ, ಅದು."

"ಇದೇ ಅಲ್ಲೇನ? ಇನ್ಯಾವುದು?"

"ಕುರುಬ ಎಚ್ಚರಿದ್ದು ಕಾಯ್ತಾನಲ್ಲ, ಅಲ್ಲಿಂದ."

"ಹ್ಞಾಂ, ಕಾಯ್ತಾನ." ಆಯಿ ಕಣ್ಣು ಕಿರಿದು ಮಾಡಿದಳು. "ಕಾಯ್ತಾನ... ಕುರಿ ಬರ್ತದ... ಆಮ್ಯಾಲ ಮೂರನೇದು, ಹೆಂಡತಿ ಮಾತು ಕೇಳಬೇಕು..." ನಿಂತುಬಿಟ್ಟಳು. ಸ್ವೆಟರಿನ ಗುಂಡಿಯನ್ನು ಬೆರಳಲ್ಲಿ ತಿರುವಿದಳು. "ನಡುವ ಏನೋ ಇತ್ತಲ್ಲ ಮನ್ಯಾ? ಈಗ ಬರವಲ್ದು. ನೀ ಹೇಳಿದ್ದೇ ಬಾಯಾಗ ಕುಂತದ."

ಹೇಳುವಾಗ ಆಯಿ ನಗುತ್ತಲೇ ಇದ್ದಳು, ಕಣ್ಣು ಮಾತ್ರ ನಗಲಿಲ್ಲ. ಅವಳವ್ವ ಔರಾದಿನ ಹಟ್ಟಿಯಲ್ಲಿ ಹೇಳಿದ್ದ ಕಥೆ ಅವಳ ಬಾಯಿಂದ ಜಾರಿಹೋಗುತ್ತಿತ್ತು, ಜಾರಿಸಿದವಳು ಎದುರಿಗೇ ಕೂತಿದ್ದಳು. ಈಗ ಹಿಡಿಯದಿದ್ದರೆ ಇನ್ನೆಂದೂ ಸಿಗದು ಎಂದು ಮನಿಷಾಗೆ ಅನ್ನಿಸಿತು. ಮೊದಲು ಬರೆದ ಇಂಗ್ಲಿಷ್ ಕಥೆ ತಾಣದಲ್ಲಿತ್ತು, ನಿಜ; ಆದರೆ ಅದರಲ್ಲಿ ಆಯಿಯ ಮಾತೊಂದೂ ಇರಲಿಲ್ಲ, ಬರೀ ನಡೆದದ್ದಿತ್ತು.

"ನಾ ಹೇಳ್ತೇನಿ. ನೀ ಹ್ಞೂಂ ಅನ್ನು," ಎಂದಳು.

"ನಾನಾ?"

"ನೀನೇ. ಗ್ವಾಡಿಗಿ ಕಥಿ ಹೇಳಾಕ ನನಗೇನ್ ಹುಚ್ಚ?"

ಮಕ್ಕಳು ಕಿಸಕ್ಕೆಂದವು. ಮನಿಷಾ ಶುರು ಮಾಡಿದಳು. ಕುರುಬ ಕಂಬಳಿ ಹೊದ್ದು, ನಿದ್ದೆ ಬಾರದಂತೆ ಕಾಲಕೆಳಗೆ ಕಲ್ಲಿಟ್ಟುಕೊಂಡು ಕೂತ. ಆಯಿ ಹ್ಞೂಂ ಅಂದಳು. ಹೊಳೆ ಮೇಲಿನಿಂದ ಬೆಳ್ಳನೆಯದೊಂದು ಸದ್ದಿಲ್ಲದೆ ಇಳಿದು ಹಿಂಡಿನ ನಡುವೆ ಮಲಗಿತು. ಹ್ಞೂಂ. ಅದರ ಕಾಲು ನೆಲಕ್ಕೆ ತಾಕಿರಲಿಲ್ಲ. ಹ್ಞೂಂ. ಅದು ಕುರಿಯಲ್ಲ, ಮೋಡದ ಮರಿ.

"ನಾಕನೇ ಪಾಠ ಯಾವಾಗ ಬರ್ತದ ಅಕ್ಕಾ?" ಎಂದ ಅಜರ.

"ಸುಮ್ಮನ ಕುಂಡ್ರು!" ಎಂದದ್ದು ಆಯಿ.

ಕುರುಬ ಹುರಮಂಜಿನ ಕೆಂಪು ಬಣ್ಣ ತಂದ, ಗುರುತು ಹಾಕಿ ತನ್ನದು ಮಾಡಿಕೊಳ್ಳಲೆಂದು. ಅಷ್ಟರಲ್ಲಿ ಹೆಂಡತಿ ಎದ್ದು ಬಂದಳು, ಮೋಡದ ಮರಿ ನಡುಗುವುದನ್ನು ಕಂಡಳು. ಕಂಬಳಿಯ ಅಂಚು ಎತ್ತಿ ಅಂದಳು...

ಮನಿಷಾ ಅಲ್ಲಿ ನಿಂತಳು. ಆ ಹೆಂಗಸು ಏನೋ ಅಂದಿದ್ದಳು, ಪುಟ್ಟದೊಂದು ಮಾತು. ಬಾಲ್ಯದಲ್ಲಿ ಆ ಮಾತಿಗಾಗಿಯೇ ಎಚ್ಚರಿರುತ್ತಿದ್ದಳು. ಈಗ ಹುಡುಕಿದರೆ ಸಿಗಲಿಲ್ಲ. ಸಿಕ್ಕಿದ್ದು ತಾನೇ ಬರೆದ ನಾಲ್ಕನೆಯ ಪಾಠ. ಅವಳಿಗೆ ಅಳು ಬಂತು.

ಆಯಿ ತಾನು ಹೊದ್ದ ಕಂಬಳಿಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿದಳು, ಮೆಲ್ಲಗೆ ಮೇಲೆತ್ತಿದಳು. ಕೈ ಎತ್ತಿದ್ದಕ್ಕೋ ಏನೋ ಮಾತು ತಾನಾಗಿ ಬಂತು.

"'ಒಳಗ ಬಾ ಯವ್ವಾ, ಹೊರಗ ಗಾಳಿ ಅದ.' ಹಂಗಂದಳು ಆಕಿ."

"ಹ್ಞೂಂ," ಎಂದಳು ಮನಿಷಾ, ಮೂಗು ಒರೆಸಿಕೊಂಡು.

"ಬೆಳಗಾತು. ಮರಿ ಇಲ್ಲ. ಕಂಬಳಿ ತೊಯ್ದು ತೊಪ್ಪಿ ಆಗ್ಯದ. ಗಂಡ ಒಂದು ಕಡೆ ಹಿಡದ, ಹೆಂಡತಿ ಒಂದು ಕಡೆ ಹಿಡದಳು, ಹಿಂಡಿದ್ರು. ಒಂದು ಕೊಡ ನೀರು ಬಂತು. ಕುಡದ್ರು. ಅಂಥಾ ತಂಪು ನೀರು ಅವರು ಮತ್ತೆಂದೂ ಕುಡೀಲಿಲ್ಲಂತ."

ಗುಡಿಯಾ ಆಯಿಯ ಕಂಬಳಿಯ ಅಂಚನ್ನು ಮೂಗಿಗೆ ಹಿಡಿದು ಮೂಸಿದಳು.

ರಜೆ ಮುಗಿದು ಬೀದರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನಿಷಾ ಫೋನಿನಲ್ಲಿ ಹೆಚ್ಚಿನ ಕುರಿಯನ್ನು ಮತ್ತೊಮ್ಮೆ ಬರೆದಳು, ಈ ಸಲ ಆಯಿಯ ಮಾತುಗಳನ್ನೇ ಹುಡುಕಿ ಹುಡುಕಿ ಇಂಗ್ಲಿಷಿಗೆ ತಂದು. ಹೆಂಡತಿಯ ಮಾತನ್ನು ಮಾತ್ರ ಕನ್ನಡದಲ್ಲೇ ಇಟ್ಟು, ಪಕ್ಕದಲ್ಲಿ ಅರ್ಥ ಕೊಟ್ಟಳು. ಬೀಗ ಹಾಕಿದಳು, ಓದುವವರು ಚಂದಾ ಕೊಟ್ಟು ಓದುವುದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ವಿಷಯ ಆರಿಸುವ ಜಾಗ ಬಂದಾಗ 'ಬದುಕು ಸುಧಾರಣೆ' ಎಲ್ಲಕ್ಕಿಂತ ಮೇಲೆ ಕೂತಿತ್ತು. ಮೂರು ಸಲ ಒತ್ತಿದ್ದು ನೆನಪಿದ್ದ ಬೆರಳು ಅಲ್ಲಿಗೇ ಹೋಯಿತು. ಹಿಂದಕ್ಕೆ ಎಳೆದುಕೊಂಡು, 'ಕಥೆ' ಎಂದು ಬರೆದು ಕಳಿಸಿದಳು.

ತುಸು ಹೊತ್ತಿಗೆ ಮಹಾಮಾಯಾಳ ಫೋನು ಬಂತು. "ಏ ಹುಚ್ಚಿ, ಮತ್ತ ಕಥಿ ವಿಭಾಗಕ್ಕ ಹಾಕೀದಿ? ಅಲ್ಲಿ ಯಾರ್ ಕುಂತಾರ? ಬಂದು ಹೋಗೋ ಬಸ್ ಚಾರ್ಜ್ ಆದರೂ ಹುಟ್ಟತದೇನು?"

"ಹೆಣ್ಮಕ್ಕಳಿಗಿ ಬಸ್ ಫ್ರೀ ಅದ ಬಿಡು."

"ಪಾಠದ್ದು ತೆಗೀತೀಯೇನು ಮತ್ತ?"

"ಅದು ಇರ್ಲಿ. ಅದಕ್ಕ ಓದೋರದಾರ. ಇನ್ನ ಮುಂದ ಆಯಿ ಕಥಿ ಪಾಠ ಮಾಡಲ್ಲ. ನಿನ್ನ ಎಕ್ಸೆಲ್ಲಿಂದ ಒಂದಿಷ್ಟು ಕಲಿಸು, ಅದನ್ನೇ ಬರೀತೇನಿ."

ಮಹಾಮಾಯಾ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಆ 'ಒಳಗ ಬಾ ಯವ್ವಾ' ಅನ್ನೋದು ಓದಿದೆ," ಎಂದಳು. "ನಮ್ಮಾಯಿ ಅನುಸೂಯಾಬಾಯಿನೂ ಒಂದು ಹೇಳ್ತಿದ್ದಳು, ಹಾವಿಂದು. ಅರ್ಧ ಮರ್ತೀನಿ."

"ಅರ್ಧ ಹೇಳು," ಎಂದಳು ಮನಿಷಾ, ಫೋನನ್ನು ಕಿವಿಗೆ ಒತ್ತಿ ಹಿಡಿದು.

"ಬಸ್ಸಿನ್ಯಾಗ ಗದ್ಲ ಅದ."

"ಇರ್ಲಿ, ಹೇಳು."