ಚೀಟಿಯಲ್ಲಿ ಇಲ್ಲದ ಮಾತು

ನಮ್ಮತ್ತೆ ಕೊಲ್ಲಾಪುರಮ್ಮನ ಅನ್ನನಾಳ ಕಟ್ಟಿಹೋಗಿ, ತುಮಕೂರಿನಲ್ಲಿ ಹೊಟ್ಟೆಗೆ ತೂತು ಮಾಡಿ ರಬ್ಬರ್ ಕೊಳವೆ ಇಟ್ಟರು. ಆಮೇಲೆ ಮಧುಗಿರಿ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದೆವು. ಅಲ್ಲಿ ಸಿಸ್ಟರ್ ಸರ್ವಮಂಗಳಾ ನನ್ನ ಕೈಯಲ್ಲೇ ಗಂಜಿ ಹಾಕಿಸಿ, ತಪ್ಪಿದಾಗ ಬೈದು, ಸರಿಹೋದ ಮೇಲೆ ಒಂದು ಚೀಟಿ ಬರೆದುಕೊಟ್ಟರು. ನಾನು ಏಳನೇ ಕ್ಲಾಸು ಓದಿದ್ದು ಅವತ್ತು ಕೆಲಸಕ್ಕೆ ಬಂತು.

"ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಕೂರಿಸಿ ಹಾಕಿ, ಮಲಗಿಸಿ ಹಾಕಬೇಡಿ. ಕೊಳವೆಯ ಮೇಲಿನ ಗುರುತು ಚರ್ಮದ ಹತ್ತಿರವೇ ಇದೆಯೇ ನೋಡಿ. ಸರಿದಿದ್ದರೆ ಏನನ್ನೂ ಹಾಕಬೇಡಿ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಿರಲಿ. ಸಿರಿಂಜನ್ನು ಎತ್ತರಕ್ಕೆ ಹಿಡಿದು ತಾನಾಗಿ ಇಳಿಯಲು ಬಿಡಿ, ಒತ್ತಬೇಡಿ. ಕೆಮ್ಮು, ವಾಂತಿ ಬಂದರೆ ನಿಲ್ಲಿಸಿ. ಮೊದಲೂ ಕೊನೆಗೂ ಕಾಯಿಸಿ ಆರಿಸಿದ ನೀರು ಹಾಕಿ. ಆಮೇಲೆ ಒಂದು ಗಂಟೆ ಮಲಗಿಸಬೇಡಿ. ಬಾಯಿಗೆ ಏನೂ ಕೊಡಬೇಡಿ. ಕೊಳವೆ ಕಳಚಿದರೆ ನೀವೇ ತೂರಿಸಬೇಡಿ; ಶುದ್ಧ ಬಟ್ಟೆ ಮುಚ್ಚಿ ತಕ್ಷಣ ಆಸ್ಪತ್ರೆಗೆ ತನ್ನಿ. ಕೆಲವೇ ಗಂಟೆಗಳಲ್ಲಿ ತೂತು ಮುಚ್ಚಿಕೊಳ್ಳುತ್ತದೆ."

ಒಂದು ಅಕ್ಷರವನ್ನೂ ನಾನು ಮೀರಲಿಲ್ಲ. ಎರಡೂವರೆ ಗಂಟೆಗೊಂದು ಲೋಟ, ಹಾಲು, ಬೇಳೆಕಟ್ಟು, ರಾಗಿಗಂಜಿ. ಪುರವರದ ಸಂತೆಯಲ್ಲಿ ಸಿಕ್ಕವರೆಲ್ಲ ನನ್ನ ಗಂಡ ಬೈರಪ್ಪನಿಗೆ, "ಎಂಥಾ ಸೊಸೆ ಕಣಯ್ಯ!" ಅನ್ನುತ್ತಿದ್ದರು.

ಅವರಿಗೇನು ಗೊತ್ತು. ನನ್ನ ಚೊಚ್ಚಲ ಬಾಣಂತನದಲ್ಲಿ ಈ ಮುದುಕಿ ದಿನಕ್ಕೊಂದೇ ಹಿಡಿ ಅನ್ನ ಇಕ್ಕಿ, "ಬಾಣಂತಿ ಹೊಟ್ಟೆ ಬಿರಿಯ ಉಂಡ್ರೆ ಮಗೀಗೆ ಆಗಾಕಿಲ್ಲ" ಎಂದು, ನನ್ನೆದುರಿಗೇ ಕೂತು ಮುದ್ದೆ ಮುರಿಯುತ್ತಿದ್ದಳು. ನನ್ನ ಎದೆಹಾಲು ಬತ್ತಿತು. ಮಗು ಮೂರು ತಿಂಗಳು ಅತ್ತು, ಮಣ್ಣು ಸೇರಿ ಸುಮ್ಮನಾಯಿತು. ನಾನು ಮರೆತಿರಲಿಲ್ಲ, ಮರೆಯುವುದೂ ಇಲ್ಲ.

ಅವಳ ಹೊಟ್ಟೆ ತುಂಬಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಆ ಒಂದು ಗಂಟೆ ಹೊತ್ತು ನಾನು ಅವಳ ಮುಂದೆ ಊಟಕ್ಕೆ ಕೂರುತ್ತಿದ್ದೆ. ಬಿಸಿ ಮುದ್ದೆ, ಹಿತಕಿದವರೆ ಸಾರು. ನಿಧಾನವಾಗಿ ಉಣ್ಣುತ್ತಿದ್ದೆ. ಹೊಟ್ಟೆ ತುಂಬಿದರೂ ಅವಳ ಬಾಯಿ ಹಸಿದೇ ಇರುತ್ತಿತ್ತು. ನುಂಗಲಾಗದ ಜೊಲ್ಲನ್ನು ಚೊಂಬಿಗೆ ಉಗುಳುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಳು. ಹಾಗೆ ನೋಡಿದಷ್ಟೂ ನನಗೆ ಸಾರು ರುಚಿಸುತ್ತಿತ್ತು.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಬೈರಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ನಾನು ಎರಡನೇ ತುತ್ತು ಮುರಿಯುವಾಗ ಅವಳು ಸೀರೆ ಸರಿಸಿ, ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಸರಕ್ಕನೆ ಕಿತ್ತಳು. ಗಂಜಿ, ಸ್ವಲ್ಪ ರಕ್ತ ಸುರಿಯಿತು.

"ತಗಳ್ಳೇ ಓಬಳಿ. ಈಗ ಸಮಾಧಾನ ಆಯ್ತಾ?" ಎಂದಳು, ಗೊಗ್ಗರು ದನಿಯಲ್ಲಿ.

ನಾನು ಏಳಲಿಲ್ಲ. ಸಂಜೆಯವರೆಗೆ ಸುಮ್ಮನೆ ಕೂತರೆ ಸಾಕು, ತೂತು ಮುಚ್ಚುತ್ತದೆ, ನನ್ನನ್ನು ಯಾರೂ ಕೇಳುವುದಿಲ್ಲ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳ ಮುಖದಲ್ಲಿ ಗೆದ್ದ ಕಳೆ ಇತ್ತು. ಸತ್ತು ತಪ್ಪಿಸಿಕೊಳ್ಳುವ ಹುನ್ನಾರ. ಅದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು.

"ಅಷ್ಟು ಸಲೀಸಾಗಿ ಸಾಯಾಕೆ ಬುಡ್ತೀನಾ ನಾನು?" ಎಂದು ಕೈ ತೊಳೆದೆ. ಒಗೆದ ಬಟ್ಟೆ ಮುಚ್ಚಿ ಕಟ್ಟಿದೆ, ಕೊಳವೆಯನ್ನೂ ಸುತ್ತಿ ತೆಗೆದುಕೊಂಡೆ, ಅವಳನ್ನು ತಬ್ಬಿಕೊಂಡು ಮಧುಗಿರಿ ಬಸ್ಸು ಹತ್ತಿಸಿದೆ.

ತೂತು ಇನ್ನೂ ಮುಚ್ಚಿರಲಿಲ್ಲ. ಡಾಕ್ಟರು ಹೊಸ ಕೊಳವೆ ಹಾಕಿ, ಸರಿಯಾಗಿ ಕೂತಿದೆಯೇ ಎಂದು ನೋಡಿದರು. ಸಿಸ್ಟರ್, "ಹೆಂಗಮ್ಮ ಕಿತ್ತು ಬಂತು ಇದು?" ಎಂದು ಕೇಳಿದರು. ಸೊಸೆಯೇ ಕಿತ್ತಳು ಎಂದು ಅವಳು ಹೇಳಿಬಿಟ್ಟರೆ ನಾನು ಕೆಟ್ಟೆ ಅಂದುಕೊಂಡೆ.

"ನಾನೇ ಕಿತ್ತೆ. ದಿನಾ ಎದುರಿಗೆ ಕುಂತ್ಕಂಡು ಉಣ್ತಾಳೆ" ಎಂದಳು ಅತ್ತೆ.

ಸಿಸ್ಟರ್ ನನ್ನನ್ನೇ ನೋಡಿದರು. "ಇದನ್ನೂ ಚೀಟಿಯಲ್ಲಿ ಬರೀಬೇಕಿತ್ತಾ ಓಬಳಮ್ಮ? ಇನ್ಮೇಲೆ ಅವರ ಕಣ್ಣಿಗೆ ಬೀಳದ ಹಾಗೆ ಊಟ ಮಾಡು." ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದ ಮಾರನೇ ದಿನ ಗಂಜಿ ಹಾಕಿ, ನೀರು ಹಾಕಿ, ಕೊಳವೆಯ ಬಾಯಿ ಮುಚ್ಚಿ, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಬೇವಿನ ನೆರಳಲ್ಲಿ ಕೂತು ಇನ್ನೇನು ಮುದ್ದೆಗೆ ಕೈ ಇಡಬೇಕು, ಒಳಗಿಂದ ಕೂಗಿದಳು.

"ಓಬಳಿ... ಇಲ್ಲೇ ಬಂದು ಉಣ್ಣೇ. ಒಬ್ಳೇ ಇರಾಕಾಗಾಕಿಲ್ಲ. ಸಾರಿನ ವಾಸ್ನೆನಾದ್ರೂ ಬರ್ಲಿ."

ಆ ದನಿಯಲ್ಲಿ ಇಷ್ಟು ವರ್ಷದಲ್ಲಿ ನಾನು ಕೇಳದ ಬೇಡಿಕೆ ಇತ್ತು. ಕೈ ತಟ್ಟೆಯ ಮೇಲೇ ನಿಂತಿತು. ಅವಳು ಇನ್ನೊಂದು ಸಲ ಕರೆದಳು.

"ಸಿಸ್ಟರ್ ಬ್ಯಾಡ ಅಂದವ್ರೆ ಕಣತ್ತೆ" ಎಂದು ಕೂಗಿ ಹೇಳಿ, ತಟ್ಟೆ ಬರಿದಾಗುವವರೆಗೂ ಅಲ್ಲೇ ಕೂತು ಉಂಡೆ.