ಚೀಲ ಬಿಚ್ಚುವ ತನಕ ನಷ್ಟವಿಲ್ಲ

ಗಂಡ ತೀರಿಕೊಂಡ ಮೇಲೆ ಹೆಂಗಸು ಮನೆಯಲ್ಲೇ ಕಳೆಯುವ ಇದ್ದತ್ತಿನ ದಿನಗಳು ಮುಗಿದ ವಾರದಲ್ಲೇ ರಹಿಮತಬಿ ಹಾವೇರಿಗೆ ಬಂದರು. ಕರೆದುಕೊಂಡು ಬಂದವರು ವಿರೂಪಾಕ್ಷಪ್ಪ. ಆಕೆಯ ತೀರಿಹೋದ ಗಂಡ ಹಜರತಅಲಿಯೂ ಈ ವಿರೂಪಾಕ್ಷಪ್ಪನೂ ಮೂವತ್ತು ವರ್ಷದಿಂದ ಬ್ಯಾಡಗಿಯಲ್ಲಿ ಪಾಲಿನ ಮೇಲೆ ಖಾರದಪುಡಿಯ ಕಾರಖಾನೆ ನಡೆಸಿಕೊಂಡು ಬಂದವರು.

ಕೋರ್ಟಿನ ಹಿಂದಿನ ಓಣಿಯಲ್ಲಿ ಮೊದಲ ಮಹಡಿಯ ಮೇಲೆ ಜರೀನಾಳ ಆಫೀಸು. ಆಕೆ ಚಾರ್ಟರ್ಡ್ ಅಕೌಂಟೆಂಟ್. ಮೆಟ್ಟಿಲ ಸಪ್ಪಳ ಕೇಳಿ ಬಾಗಿಲಿಗೆ ಬಂದಾಗ ರಹಿಮತಬಿ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಹಿಂದಿದ್ದ ವಿರೂಪಾಕ್ಷಪ್ಪನೂ ಗೋಡೆ ಹಿಡಿದು, ತನಗೇ ದಮ್ಮು ಹತ್ತಿದವರಂತೆ ನಿಂತುಬಿಟ್ಟಿದ್ದರು. ಆಕೆಗೆ ಸಂಕೋಚವಾಗಬಾರದೆಂದು ಆ ಮನುಷ್ಯ ಸುಳ್ಳೇ ಏದುಸಿರು ಬಿಡುತ್ತಿದ್ದಾರೆಂದು ಜರೀನಾಳಿಗೆ ತಿಳಿಯಿತು. ಈ ಇಬ್ಬರ ನಡುವೆ ಜಗಳ ಬರಲಾರದು ಎಂದುಕೊಂಡು ಸಮಾಧಾನಪಟ್ಟಳು.

ವಿಷಯ ಸರಳವಾಗಿಯೇ ಇತ್ತು. ಪಾಲುದಾರಿಕೆಯ ಕರಾರಿನಂತೆ, ಒಬ್ಬ ತೀರಿಕೊಂಡರೆ ಅವನ ಬಂಡವಾಳವೂ ಹಿಂದಿನ ಮೂರು ವರ್ಷದ ಸರಾಸರಿ ಲಾಭವನ್ನು ನೋಡಿ ಒಂದು ಮೊತ್ತವೂ ಅವನ ಮನೆಯವರಿಗೆ ಸಲ್ಲಬೇಕು. ಅದನ್ನು ಲೆಕ್ಕ ಹಾಕಿ ಕೊಡಲು ಇಬ್ಬರಿಗೂ ಸಂಬಂಧವಿಲ್ಲದ ಒಬ್ಬರು ಬೇಕು.

"ಹಜರತನ ಪಾಲಿನಾಗ ಒಂದು ಪೈಸಾ ಬಿಡಬ್ಯಾಡ್ರಿ ಮೇಡಂ" ಎಂದರು ವಿರೂಪಾಕ್ಷಪ್ಪ. "ನನ್ನ ಕಡೆ ತೂಗಿದ್ರ ನನಗ ನಿದ್ದಿ ಬರಂಗಿಲ್ಲ."

"ಅಣ್ಣಾರ, ನಿಮಗ ನಿದ್ದಿ ಬಂದದ್ದು ಯಾವಾಗ? ನಮ್ಮವರಿಗೆ ದಿನಾ ರಾತ್ರಿ ಹತ್ತಕ್ಕ ಫೋನ್ ಹಚ್ಚಿ, 'ಮಲಗೀಯೇನಲೇ' ಅಂತಿದ್ರಿ." ರಹಿಮತಬಿ ನಕ್ಕರು. ಆಮೇಲೆ ಜರೀನಾಳ ಕಡೆ ತಿರುಗಿದರು. "ಬೇಟಿ, ನನಗ ರೊಕ್ಕದ ಆಸೆ ಭಾಳ ಇಲ್ಲ. ಮನಿ ಕಾಗದಾ ಕಾರಖಾನಿ ಸಾಲಕ್ಕಂತ ಬ್ಯಾಂಕಿನಾಗ ಅದಾವ. ನನ್ನ ಪಾಲು ಬಂದ್ರ ಮನಿ ಬಿಡಿಸ್ಕೋತೇನಿ. ಮುಸ್ಕಾನ್‌ಗೆ ತಲಿಮ್ಯಾಲ ಒಂದು ಸೂರು ಇರಲಿ. ಅಷ್ಟ ಸಾಕು."

ಮುಸ್ಕಾನ್ ಆಕೆಯ ಒಬ್ಬಳೇ ಮಗಳು. ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು.

ಅವರು ಹೋದ ಮೇಲೆ ಜರೀನಾ ಲೆಕ್ಕಪತ್ರ ಹರವಿಕೊಂಡು ಕುಳಿತಳು. ಲಾಭ ವರ್ಷದಿಂದ ವರ್ಷಕ್ಕೆ ಏರಿತ್ತು. ಕಳೆದ ವರ್ಷ ತೆರಿಗೆ ಕಟ್ಟಿದ ಮೇಲೂ ಐವತ್ತೆರಡು ಲಕ್ಷ. ನೋಡಿದವರು ಯಾರಾದರೂ ಹೆಣ್ಣು ಕೊಡುವಂಥ ಕಾರಖಾನೆ. ಆದರೆ ಬ್ಯಾಂಕಿನ ಸಾಲವೂ ಅದರ ಕೈಹಿಡಿದುಕೊಂಡೇ ಏರಿತ್ತು. ಇಷ್ಟು ಗಳಿಸುವವರು ಸಾಲ ಏಕೆ ಮಾಡಬೇಕು? ಆಕೆ ಲಾಭವನ್ನು ಬದಿಗಿಟ್ಟು, ರೊಕ್ಕ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದಷ್ಟೇ ಕೇಳುತ್ತ ಹೋದಳು.

ಐವತ್ತೆರಡು ಲಕ್ಷ ಲಾಭಕ್ಕೆ, ಯಂತ್ರಗಳ ಸವಕಳಿ ಎಂದು ಬರೆದ ಆರು ಲಕ್ಷ ಸೇರಿಸಿದಳು. ಅದು ಬರೆದ ಖರ್ಚೇ ಹೊರತು ಆ ವರ್ಷ ಕೈಯಿಂದ ಹೋದ ರೊಕ್ಕವಲ್ಲ. ಆದರೆ ಗೋದಾಮಿನ ಮಾಲು ಮತ್ತು ಅಂಗಡಿಗಳಿಂದ ಬರಬೇಕಾದ ಬಾಕಿ, ಎರಡೂ ಸೇರಿ ಅರವತ್ತು ಲಕ್ಷ ಬೆಳೆದಿದ್ದವು. ಲಾಭವೆಲ್ಲ ಅಲ್ಲೇ ಹೂತುಹೋಗಿ, ವ್ಯಾಪಾರದಿಂದ ಬಂದ ರೊಕ್ಕ ಸೊನ್ನೆಗಿಂತ ಎರಡು ಲಕ್ಷ ಕೆಳಗೆ. ಯಂತ್ರದ ಬಾಬ್ತಿಗೆ ಹೋದದ್ದು ಹದಿನಾಲ್ಕು. ಅದನ್ನೂ ಕಳೆದರೆ ಹದಿನಾರು ಲಕ್ಷ ಕೊರತೆ. ಅದರ ಮೇಲೆ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಇಬ್ಬರೂ ಲಾಭದ ಪಾಲೆಂದು ಹತ್ತು ಹತ್ತು ಲಕ್ಷ ಎತ್ತಿದ್ದರು. ಬ್ಯಾಂಕಿನ ಸಾಲ ಏರಿದ್ದು ಸರಿಯಾಗಿ ಮೂವತ್ತಾರು.

ಸಾಲ ತಂದು ಲಾಭ ಹಂಚಿಕೊಂಡಿದ್ದರು. ಹಿಂದಿನ ಎರಡು ವರ್ಷವೂ ಹೀಗೆಯೇ.

ಮಾಲು, ಬಾಕಿ ಬೆಳೆದವೆಂದ ಮಾತ್ರಕ್ಕೆ ಲಾಭ ಸುಳ್ಳಾಗುವುದಿಲ್ಲ. ಮಾಲಿಗೆ ಆ ಬೆಲೆ ಇದ್ದರೆ ಇಂದಲ್ಲ ನಾಳೆ ರೊಕ್ಕವಾದೀತು. ಅದನ್ನು ಕಣ್ಣಾರೆ ನೋಡಬೇಕೆಂದು ಜರೀನಾ ಬ್ಯಾಡಗಿಗೆ ಹೋದಳು.

ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದದ್ದೇ ತಣ್ಣನೆಯ ಘಾಟು ಗಂಟಲು ಹಿಡಿಯಿತು. ಹಮಾಲ ಹೊಳಿಯಪ್ಪ ಕಿಸೆಯಿಂದ ಒಂದು ಬೆಲ್ಲದ ಚೂರು ತೆಗೆದು ಆಕೆಯ ಕೈಗಿತ್ತ. ಛಾವಣಿಯ ತನಕ ಚೀಲಗಳು. ಹೊಲಿಗೆಯ ಮೇಲೆ ಎರಡು ವರ್ಷದ ಧೂಳು.

"ಒಂದು ಬಿಚ್ರಿ" ಎಂದಳು ಜರೀನಾ.

ಹೊಳಿಯಪ್ಪ ಕದಲಲಿಲ್ಲ. "ಹಜರತ್ ಸಾವಕಾರ್ರು ಬಿಚ್ಚಬ್ಯಾಡ ಅಂದಿದ್ರು ಅಕ್ಕಾರ. 'ಚೀಲ ಬಿಚ್ಚೋ ತನಕ ನಷ್ಟ ಇಲ್ಲಲೇ ಹೊಳಿಯಾ' ಅಂತಿದ್ರು."

"ಬಿಚ್ಚೋ" ಎಂದರು ಹಿಂದಿನಿಂದ ವಿರೂಪಾಕ್ಷಪ್ಪ.

ಒಳಗಿದ್ದದ್ದು ಡಬ್ಬಿ ಕಾಯಿ, ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿಯ ತಳಿ. ಮೈಯ ಸುಕ್ಕು ಹಾಗೇ ಇತ್ತು, ಘಮವೂ ಇತ್ತು. ಕೆಂಪು ಮಾತ್ರ ಮಾಸಿ, ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಖಾರಕ್ಕಲ್ಲ, ಬಣ್ಣಕ್ಕೆ ಬೆಲೆ ಬರುವ ಮಾಲು ಅದು. ಅದನ್ನು ಕೊಂಡದ್ದು ದರ ಮುಗಿಲು ಮುಟ್ಟಿದ್ದ ವರ್ಷ. ಪೇಟೆ ಬಿದ್ದ ಮೇಲೂ, ಬಣ್ಣ ಇಳಿದ ಮೇಲೂ ಪ್ರತಿ ಮಾರ್ಚಿಗೆ ಅದೇ ಕೊಂಡ ದರ ಬರೆದಿದ್ದರು. ಕೊಂಡ ದರ, ಈಗ ಮಾರಿದರೆ ಖರ್ಚು ಕಳೆದು ಬರುವ ದರ, ಎರಡರಲ್ಲಿ ಕಡಿಮೆಯದನ್ನು ಬರೆಯಬೇಕೆಂಬುದು ನಿಯಮ. ಹಾಗೆ ಬರೆದಿದ್ದರೆ ಆ ನಷ್ಟ ಆಯಾ ವರ್ಷವೇ ಲಾಭವನ್ನು ತಿನ್ನುತ್ತಿತ್ತು.

"ಮತ್ತ ಅಂಗಡಿ ಬಾಕಿ, ಕಾಕಾ?"

"ಮಾರ್ಚಿನಾಗ ಲಾರಿ ತುಂಬಿ ಕಳಸ್ತಿದ್ವಿ. ಲಾರಿ ಗೇಟ್ ದಾಟ್ತಂದ್ರ ವ್ಯಾಪಾರ ಆತು ಅಂತ ಬರೀತಿದ್ವಿ. ಮಾರದಿದ್ರ ವಾಪಸ್ ಕಳಸ್ರಿ ಅಂತ ಬಾಯಿಮಾತು. ಮೇ ತಿಂಗಳಿನಾಗ ಅರ್ಧ ಹೊಳ್ಳಿ ಬರ್ತಿತ್ತು."

"ಯಂತ್ರಕ್ಕ ಹದಿನಾಲ್ಕು ಲಕ್ಷ?"

"ಹೊಸಾದು ಮೂರು ಲಕ್ಷದ್ದು. ಉಳಿದದ್ದು ಹಳೇ ಗಿರಣಿ ರಿಪೇರಿ. ಅದನ್ನೂ ಆಸ್ತಿ ಅಂತ ಬರದ್ವಿ. ಖರ್ಚಂತ ಬರದ್ರ ಲಾಭ ಇಳೀತದಲ್ಲ."

"ಹೆಂಗ ಬರದ್ರೂ ರೊಕ್ಕ ಹೋದದ್ದು ಹೋದದ್ದ."

"ಅದು ನನಗ ತಿಳೀತಿತ್ತು" ಎಂದರು ವಿರೂಪಾಕ್ಷಪ್ಪ. ಒಂದು ಕಾಯಿ ಎತ್ತಿ ಉಗುರಿನಿಂದ ಗೀರಿ ನೋಡಿದರು. "ಅವಂಗೂ ತಿಳೀತಿತ್ತು. ಅವ ಕಾಯಿ ಮುಟ್ಟಿದ್ರ ಬಣ್ಣ ಹೇಳೋ ಮನಷ್ಯಾ. ಇಡೀ ಮಾರ್ಕೆಟ್ಟಿನಾಗ ಅವನ ಮಾತಿಗೆ ಎದುರು ಮಾತಿರಲಿಲ್ಲ. ಅಂಥಾವ ಆ ದರಕ್ಕ ಕೊಂಡು ತಪ್ಪಿದೆ ಅಂತ ಹೆಂಗ ಬರದಾನು? ಇನ್ನೊಂದು ವರ್ಷ ತಡಿ, ದರಾ ಏಳ್ತದ ಅಂದ. ತಡದ್ವಿ. ಲಾಭ ಕಂಡ್ರಷ್ಟ ಬ್ಯಾಂಕಿನವರು ಸಾಲ ಏರಸ್ತಾರಂತ ಹಂಗ ತೋರಿಸ್ಕೋತ ಹೋದ್ವಿ. ಇಲ್ಲದ ಲಾಭಕ್ಕ ತೆರಿಗಿನೂ ಕಟ್ಟಿದ್ವಿ, ನೋಡ್ರಿ ಎಂಥಾ ಶಾಣ್ಯಾರು."

ಹೊಳಿಯಪ್ಪ ಚೀಲದ ಬಾಯಿಯನ್ನು ಮೆಲ್ಲಗೆ ಮಡಚಿ ಮುಚ್ಚಿದ.

"ಮೇಡಂ, ಲೆಕ್ಕ ಇದ್ದಂಗ ಬರೀರಿ. ಆದ್ರ ರಹಿಮತಬಿ ಮುಂದ ಇದು ಅವನ ಹಟ ಅನಬ್ಯಾಡ್ರಿ. ನಂದು ಅನ್ರಿ" ಎಂದರು ವಿರೂಪಾಕ್ಷಪ್ಪ.

ಯಾರ ಹಟವೆಂಬ ಕಾಲಮ್ಮು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಜರೀನಾ ತಲೆಯಾಡಿಸಿದಳು.

ತಿದ್ದಿದ ಲೆಕ್ಕ ಹಿಡಿದು ಅವಳು ಬ್ಯಾಡಗಿಯಲ್ಲಿದ್ದ ರಹಿಮತಬಿಯ ಮನೆಗೆ ಹೋದ ದಿನ ವಿರೂಪಾಕ್ಷಪ್ಪನೂ ಬಂದಿದ್ದರು. ಮುಸ್ಕಾನ್ ಡ್ಯೂಟಿ ಮುಗಿಸಿ ಬಂದು ತಾಯಿಯ ಪಕ್ಕದಲ್ಲಿ ಕುಳಿತಿದ್ದಳು. ಜರೀನಾ ಕೆಟ್ಟ ಮಾತನ್ನು ಒಮ್ಮೆಲೇ ಹೇಳಿದಳು. ಮಾಲು, ಬಾಕಿ, ರಿಪೇರಿ ಮೂರನ್ನೂ ಸರಿಯಾಗಿ ಬರೆದರೆ ಮೂರು ವರ್ಷವೂ ಲಾಭವಿಲ್ಲ, ನಷ್ಟವೇ. ಇಲ್ಲದ ಲಾಭವನ್ನು ಎತ್ತಿಕೊಂಡದ್ದರಿಂದ ಬಂಡವಾಳವೂ ಕರಗಿದೆ. ಪಾಲೆಂದು ಬರುವುದು ಏನೂ ಇಲ್ಲ. ಉಳಿದಿರುವುದು ಸಾಲ, ಮತ್ತು ಅದಕ್ಕೆ ಇಬ್ಬರ ಸ್ವಂತ ಆಸ್ತಿಯೂ ಬಾಧ್ಯ.

ಒಳಗೆ ಕುಕ್ಕರು ಕೂಗಿತು. ಮುಸ್ಕಾನ್ ಹೋಗಿ ಒಲೆ ಆರಿಸಿ ಬಂದಳು.

"ತಪ್ಪು ನಂದ ತಂಗೆವ್ವ" ಎಂದರು ವಿರೂಪಾಕ್ಷಪ್ಪ. "ಚೀಲ ಬಿಚ್ಚಬ್ಯಾಡ ಅಂದಾವ ನಾನ. ಹಜರತ ಬಿಚ್ಚೂಣು ಅಂದಿದ್ದ."

ರಹಿಮತಬಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಅವರ ಮುಖವನ್ನೇ ನೋಡಿದರು. "ಅಣ್ಣಾರ, ನಿಮಗ ಸುಳ್ಳು ಹೇಳಾಕ ಬರಂಗಿಲ್ಲ. ಕಡೀ ತಿಂಗಳು ಅವರು ಜ್ವರದಾಗ ಕನವರಿಸಿದ್ದು ಒಂದ ಮಾತು. 'ದರಾ ಎಷ್ಟಾತು, ದರಾ ಎಷ್ಟಾತು.' ನಾನು ಹೆಚ್ಚಾಗೇತಿ ಅಂತಿದ್ದೆ. ಅವರು ಮಲಗ್ತಿದ್ರು."

ವಿರೂಪಾಕ್ಷಪ್ಪ ತಲೆ ತಗ್ಗಿಸಿದರು. ಆಮೇಲೆ, ಹಳೆಯ ಲೆಕ್ಕವನ್ನೇ ಇನ್ನೊಂದು ವರ್ಷ ಮುಂದುವರಿಸಿದರೆ ಬ್ಯಾಂಕಿನವರು ಸಾಲ ಏರಿಸಿಯಾರು, ಅದರಲ್ಲಿ ಆಕೆಯ ಪಾಲು ಕೊಟ್ಟುಬಿಡಬಹುದು, ಮುಂದಿನ ಸಾಲದ ಹೊರೆ ತನಗಿರಲಿ ಎಂದರು.

"ಹಂಗ ಮಾಡಿದ್ರ ಸಹಿ ನಾನು ಹಾಕಂಗಿಲ್ಲ ಕಾಕಾ" ಎಂದಳು ಜರೀನಾ.

"ನೀ ಹಾಕಿದ್ರೂ ನಾ ತಗೊಳ್ಳಂಗಿಲ್ಲ" ಎಂದರು ರಹಿಮತಬಿ. "ಅದು ನನ್ನ ಪಾಲು ಹೆಂಗಾತು? ಅಣ್ಣಾರ ಕೊರಳಿಗೆ ಕಟ್ಟಿದ ಕಲ್ಲಾತು. ಚೀಲ ಎಲ್ಲಾ ಮಾರ್ರಿ. ಕಡಿಮಿ ಬಿದ್ರ ಮನಿ ಮಾರ್ರಿ."

ಮುಸ್ಕಾನ್ ತಾಯಿಯ ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಚೀಲಗಳು ಕೊಂಡದ್ದರ ಮೂರರಲ್ಲಿ ಒಂದು ಪಾಲಿಗೆ ಹೋದವು. ಗಿರಣಿ ಮಾರಿದರು. ಕದರಮಂಡಲಗಿಯಲ್ಲಿದ್ದ ತಮ್ಮ ಹೊಲವನ್ನು ವಿರೂಪಾಕ್ಷಪ್ಪ ಯಾರಿಗೂ ಹೇಳದೆ ಮೊದಲೇ ಮಾರಿ ಬ್ಯಾಂಕಿಗೆ ಕಟ್ಟಿದ್ದರು. ಆದರೂ ಸಾಲಲಿಲ್ಲ. ಮನೆ ಹೋಯಿತು. ಸಾಲ ತೀರಿ, ರಾಣೆಬೆನ್ನೂರಿನ ಬಾಡಿಗೆ ಮನೆಗೆ ಮುಂಗಡ ಕೊಡುವಷ್ಟು ಉಳಿಯಿತು.

ಮನೆ ಬಿಡುವ ಮುನ್ನ ರಹಿಮತಬಿ ಜರೀನಾಳಿಗೆ ಫೋನು ಮಾಡಿದರು. ಇಬ್ಬರೇ ಇದ್ದಾಗ ಆಡುವ ಉರ್ದುವಿನಲ್ಲಿ ಕೇಳಿದರು: "ಬೇಟಿ, ಮೂವತ್ತು ವರ್ಷವೂ ಹೀಗೆಯೇ ಇತ್ತೆ? ಅವರು ನಿಜವಾಗಿ ಗಳಿಸಿದ್ದು ಒಂದು ವರ್ಷವಾದರೂ ಇಲ್ಲವೆ?"

ಅದು ಅವಳ ಕೆಲಸವಾಗಿರಲಿಲ್ಲ. ಆದರೂ ಕಾರಖಾನೆಯ ಹಿಂದಿನ ಲೆಕ್ಕಿಗರ ಮನೆಯ ಅಟ್ಟದಿಂದ ಹಳೆಯ ಕಟ್ಟುಗಳನ್ನು ಇಳಿಸಿ, ಒಂದು ಭಾನುವಾರವೆಲ್ಲ ಕುಳಿತು ನೋಡಿದಳು. ಮರುದಿನ ತಾನೇ ಬ್ಯಾಡಗಿಗೆ ಹೋದಳು. ಬಾಗಿಲ ಮುಂದೆ ಟೆಂಪೋ ನಿಂತಿತ್ತು. ವಿರೂಪಾಕ್ಷಪ್ಪ ಪಾತ್ರೆಗಳನ್ನು ಹಳೆಯ ಧೋತರದಲ್ಲಿ ಒಂದೊಂದಾಗಿ ಸುತ್ತಿ ಇಡುತ್ತಿದ್ದರು.

"ಖಾಲಾ, ಈ ಮನೆ ಕಟ್ಟಿದ ವರ್ಷದ ಲೆಕ್ಕ ನೋಡಿದೆ" ಎಂದಳು ಜರೀನಾ. "ಬರೆದ ಲಾಭ ಕಡಿಮೆ, ಒಂಬತ್ತೇ ಲಕ್ಷ. ಆದರೆ ಬಾಕಿಯೆಲ್ಲ ವಸೂಲಾಗಿ, ಯಂತ್ರದ ಖರ್ಚು ಕಳೆದ ಮೇಲೂ ಹನ್ನೊಂದು ಲಕ್ಷ ಕೈಯಲ್ಲಿ ಉಳಿದಿತ್ತು. ಸಾಲದಿಂದ ಒಂದು ರೂಪಾಯಿ ಬಂದಿಲ್ಲ. ಈ ಗೋಡೆಗಳೆಲ್ಲ ಅವರ ನಿಜವಾದ ದುಡಿಮೆ."

ರಹಿಮತಬಿ ಖಾಲಿ ಪಡಸಾಲೆಯನ್ನು ಒಮ್ಮೆ ನೋಡಿದರು. ನಂತರ ಪೊರಕೆ ತೆಗೆದುಕೊಂಡು, ಬರುವವರಿಗೆ ಕಸ ಬಿಡಬಾರದೆಂದು, ಮೂಲೆಯಿಂದ ಗುಡಿಸತೊಡಗಿದರು.