ಮಾರ್ಚಿ ಮುಗಿದ ಮೇಲಿನ ಬೆಲೆ

ವಿರೂಪಾಕ್ಷಿಪುರದ ಆಶಾ ಕಾರ್ಯಕರ್ತೆ ಕಾವೇರಮ್ಮ ಚನ್ನಪಟ್ಟಣದ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಗೆ ಬಂದದ್ದು 2012ರ ಏಪ್ರಿಲ್ ಮೊದಲ ವಾರದಲ್ಲಿ. ಸಂಘದ ಸಾಲ ಕೈಗೆ ಬಂದದ್ದೇ ಆಗ. ಮಂಡಿನೋವಿನಲ್ಲಿ ದೂರದ ಹಳ್ಳಿಗಳಿಗೆ ನಡೆಯಲಾಗದು. ಗಾಡಿ ಇಲ್ಲದಿದ್ದರೆ ಆ ಹಳ್ಳಿಗಳನ್ನು ಬೇರೆಯವರಿಗೆ ಕೊಡುವುದಾಗಿ ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿಬಿಟ್ಟಿದ್ದರು.

"ಮೂವತ್ಮೂರೂವರೆ ಸಾವಿರ ಆಯ್ತದೆ ಕಣಕ್ಕಾ," ಎಂದ ಅಂಗಡಿಯ ಬಾಲರಾಜು.

"ಹೋದ ತಿಂಗಳು ಇಪ್ಪತ್ತೊಂಬತ್ತೂವರೆ ಅಂದಿದ್ದೆ! ನಾ ಹೆಂಗಸು ಅಂತ ಟೋಪಿ ಹಾಕ್ತೀಯಾ?"

"ಅಯ್ಯೋ, ಆ ನಾಲ್ಕು ಸಾವಿರ ನಾ ಬಿಟ್ಟಿದ್ದಲ್ಲಕ್ಕಾ, ಸೆಂಟ್ರಲ್ ಗೌರ್ಮೆಂಟ್ನೋರ ಸಬ್ಸಿಡಿ. ಮಾರ್ಚಿ ಮೂವತ್ತೊಂದಕ್ಕೆ ನಿಂತೋಯ್ತು."

ಪೆಟ್ರೋಲ್ ಗಾಡಿಯನ್ನು ಕಾವೇರಮ್ಮ ಆಗಲೇ ವಿಚಾರಿಸಿದ್ದಳು. ಶೋರೂಮಿನ ಬೆಲೆಗೆ ರೋಡ್ ಟ್ಯಾಕ್ಸು, ರಿಜಿಸ್ಟ್ರೇಷನ್ನು, ಇನ್ಶೂರೆನ್ಸು ಸೇರಿ ಐವತ್ತು ಸಾವಿರ ದಾಟುತ್ತಿತ್ತು; ಮೇಲೆ ಲೈಸೆನ್ಸ್ ಬೇರೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರಷ್ಟೇ ಓಡುವ ಈ ಪುಟ್ಟ ಗಾಡಿಗೆ ಅದ್ಯಾವುದೂ ಬೇಡ. ಆದರೆ ಕೈಯಲ್ಲಿದ್ದದ್ದು ಮೂವತ್ತೇ ಸಾವಿರ.

"ಹೋದ ತಿಂಗಳ ತಾರೀಕು ಹಾಕಿ ಬಿಲ್ ಬರಿಯೋ," ಎಂದಳು ಮೆಲ್ಲಗೆ.

"ಸುಳ್ಳು ಬಿಲ್ ಬ್ಯಾಡಕ್ಕಾ. ಸಿಕ್ಕಾಕೊಂಡ್ರೆ ನಮ್ಮಿಬ್ಬರಿಗೂ ಕಷ್ಟ."

ಅಷ್ಟರಲ್ಲಿ ಬೊಂಬೆ ಮಾಡುವ ಸನಾವುಲ್ಲಾ ಅಂಥದ್ದೇ ಒಂದು ಹೊಸ ಸ್ಕೂಟರ್ ತಳ್ಳಿಕೊಂಡು ಬಂದರು. ಬೆವರು ಕಿತ್ತುಬರುತ್ತಿತ್ತು.

"ಬಾಲರಾಜಣ್ಣ, ಇದನ್ನ ವಾಪಸ್ ತಗೋ. ಬೊಂಬೆ ಮಾಡೋ ಆಲೆಮರದ ತುಂಡು ಒಂದು ಮೂಟೆ ಹೇರಿದ್ರೆ ದಿಬ್ಬ ಹತ್ತಾಕಿಲ್ಲ ಅಂತದೆ."

"ಅದು ಮೂಟೆ ಹೊರೋ ಗಾಡಿ ಅಲ್ಲ ಸಾಬ್ರೆ, ಅವತ್ತೇ ಅಂದಿದ್ದೆ."

"ಡಿಸ್ಕೌಂಟ್ ಇವತ್ತೇ ಕಡೇ ದಿನ ಅಂತ್ಲೂ ನೀನೇ ಅಂದೆ! ಎದ್ದೂ ಬಿದ್ದೂ ಓಡಿಬಂದೆ. ಮನೇಲಿ ಹೆಂಡ್ತಿ ಮಜೀದಾ ನಗ್ತಾವ್ಳೆ."

"ನಿಮ್ಮ ಹೆಸರಲ್ಲಿ ಸಬ್ಸಿಡಿ ಹೋಗಾಯ್ತು. ವಾಪಸ್ ತಗೊಂಡು ಹೊಸದು ಅಂತ ಮಾರೋ ಹಂಗಿಲ್ಲ. ನೀವೇ ಯಾರಿಗಾದ್ರೂ ಕೊಡಿ."

ಕಾವೇರಮ್ಮ ಗಾಡಿಯನ್ನೇ ನೋಡುತ್ತ ನಿಂತಳು. ಸೀಟಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ತಾನು ತಿಂಗಳೆಲ್ಲ ಕಾದ ಅಗ್ಗದ ಗಾಡಿ ನಾಲ್ಕೇ ದಿನಕ್ಕೆ ಕೈತಪ್ಪಿತು. ಬೇಡದವರ ಮನೆಗೆ ಅದು ಓಡಿಹೋಗಿತ್ತು. ಯಾರ ಮೇಲೂ ಸಿಟ್ಟು ಬರಲಿಲ್ಲ. ಇವರೂ ಪಾಪ, ಮೂಟೆ ಹೊತ್ತೂ ಹೊತ್ತೂ ಭುಜ ಇಳಿಬಿದ್ದವರು.

"ನಂಗೆ ಕೊಡ್ತೀರಾ ಸಾಬ್ರೆ? ನಾ ಆಶಾ ಕೆಲಸದೋಳು, ಹಳ್ಳಿ ಹಳ್ಳಿ ತಿರುಗಬೇಕು."

ಬಾಲರಾಜು ಸನಾವುಲ್ಲಾ ಕಡೆ ಕಣ್ಣು ಮಿಟುಕಿಸಿದ. "ಈಗ ಹೊಸದರ ರೇಟು ಏರೈತೆ. ಮೂವತ್ತೆರಡು ಕೇಳಿದ್ರೂ ತಪ್ಪಿಲ್ಲ."

ಸನಾವುಲ್ಲಾ ಒಸಿ ಹೊತ್ತು ಹ್ಯಾಂಡಲ್ ಒರೆಸಿದರು. ಅವರಿಗೂ ದುಡ್ಡು ಬೇಕಿತ್ತೆಂದು ಆ ಕೈಯೇ ಹೇಳುತ್ತಿತ್ತು.

"ನಮ್ಮ ಮಗಳು ಮುನವ್ವರಾನ ಹೆರಿಗೇಲಿ ಆಸ್ಪತ್ರೆಗೆ ಕರ್ಕೊಂಡೋಗಿದ್ದು ನಿಮ್ಮಂಥವರೇ. ಸರ್ಕಾರ ಬಿಟ್ಟ ದುಡ್ಡು ನಂಗ್ಯಾಕಮ್ಮಾ? ನಾ ಕೊಟ್ಟ ಇಪ್ಪತ್ತೊಂಬತ್ತೂವರೆ ಅಷ್ಟೇ ಕೊಡಿ."

ಬಾಲರಾಜು ಬಿಲ್ಲಿನ ಹಿಂದೆ ಗಾಡಿ ಕೈಬದಲಾದದ್ದನ್ನು ಬರೆದು, ವಾರಂಟಿ ಮುಂದುವರಿಯುವಂತೆ ಸಹಿ ಹಾಕಿದ. ಕಾವೇರಮ್ಮ ಸೀಟಿನ ಮೇಲೆ ಕೂತೇ ನರ್ಸಮ್ಮನಿಗೆ ಫೋನ್ ಮಾಡಿದಳು.

"ಮೇಡಂ, ಆ ಹಳ್ಳಿಗಳನ್ನ ಯಾರಿಗೂ ಕೊಡಬೇಡಿ. ನಾಳೆಯಿಂದ ನಾನೇ ಬತ್ತೀನಿ."